ಜಗಲಿ ಮೇಲೆ ಹರಡಿದ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಈಗ ಮನೆಗೊಬ್ಬರು ಅನ್ನೋ ಹಾಗೆ ವಿಡಿಯೊ ಮಾಡುವವರಿದ್ದಾರೆ. ಊರಿನ ಹಿರಿಯರನ್ನು ಕೂರಿಸಿಕೊಂಡು ಮಾತಾಡಿಸುತ್ತಾರೆ. ಒಂದೊಂದು ಸಲ ಮೂರು ಗಂಟೆ, ನಾಲ್ಕು ಗಂಟೆ. ಆಮೇಲೆ ಅದು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಉಳಿದುಬಿಡುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ತೆರೆದು ಕೂತರೆ ಎಲ್ಲಿಂದ ಹಿಡಿಯಬೇಕು ಅನ್ನೋದೇ ತಿಳಿಯುವುದಿಲ್ಲ. ಅದಕ್ಕೇ ಸಾಫ್ಟ್‌ವೇರ್ ತೆರೆಯುವ ಮೊದಲು ಮಾಡುವ ಒಂದು ಕೆಲಸದ ಬಗ್ಗೆ ಇವತ್ತು ಹೇಳುತ್ತೇನೆ. ಅದಕ್ಕೆ ಪೇಪರ್ ಎಡಿಟ್ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಕತ್ತರಿಸುವುದಕ್ಕೆ ಮೊದಲು ಮಾತನ್ನು ಕಾಗದದ ಮೇಲೆ ಕತ್ತರಿಸಿ, ಜೋಡಿಸಿ, ಓದಿ ನೋಡುವುದು.

ನಾವು ಇಬ್ಬರು ಸ್ನೇಹಿತರು ಶರಾವತಿ ಹಿನ್ನೀರಿನ ಕಡೆ ಒಂದು ಸಣ್ಣ ಸಾಕ್ಷ್ಯಚಿತ್ರ ಮಾಡಿದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆಗ ಮನೆ ಗದ್ದೆ ಬಿಟ್ಟು ಎದ್ದು ಹೋದವರನ್ನು ಮಾತಾಡಿಸಿದ್ದು. ನಮ್ಮಲ್ಲಿ ಅದಕ್ಕೆ ಮುಳುಗಡೆ ಅಂದರೆ ಸಾಕು, ಬೇರೆ ವಿವರ ಬೇಡ. ಏಳು ಜನ, ಒಟ್ಟು ಹನ್ನೊಂದು ಗಂಟೆ ಮಾತು. ಚಿತ್ರ ಇರಬೇಕಾದದ್ದು 26 ನಿಮಿಷ.

ಮೊದಲ ಕೆಲಸ, ಮಾತನ್ನೆಲ್ಲ ಬರೆದುಕೊಳ್ಳುವುದು. ಒಂದು ಗಂಟೆಯ ಮಾತು ಬರೆಯಲು ನನಗೆ ಸುಮಾರು ಐದು ಗಂಟೆ ಹಿಡಿಯಿತು. ಬೇಜಾರಿನ ಕೆಲಸ ಹೌದು. ಆದರೆ ಸಿನಿಮಾ ಮಾಡುವವರೇ ಅದನ್ನು ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ಬರೆಯುವಾಗ ಕಿವಿ ಕೆಲಸ ಮಾಡುತ್ತದೆ. ಸುಮ್ನೆ ನೋಡುವಾಗ ಜಾರಿಹೋದ ಮಾತು ಬರೆಯುವಾಗ ಕೈಗೆ ಸಿಗುತ್ತದೆ.

ಆಡಿದ ಹಾಗೇ ಬರೆಯಬೇಕು. ಅಜ್ಜಿ "ಹೋಯ್ತು" ಅಂದರೆ "ಹೋಯಿತು" ಅಂತ ತಿದ್ದಬಾರದು. ಅರ್ಧಕ್ಕೆ ಬಿಟ್ಟ ಮಾತು, ತಡವರಿಸಿದ್ದು, ಕೆಮ್ಮಿದ್ದು ಎಲ್ಲ ಬರಬೇಕು. ಪ್ರತಿ ಮಾತಿನ ತುಂಡಿಗೂ ಪಕ್ಕದಲ್ಲಿ ಸಮಯ ಬೇಕು. ಇಲ್ಲೊಂದು ತಪ್ಪು ನಾವು ಮಾಡಿದೆವು. ಮೊದಲ ಎರಡು ಸಂದರ್ಶನಗಳನ್ನು ಬರಿ ಧ್ವನಿಯ ಫೈಲ್ ಕೇಳಿಕೊಂಡು ಬರೆದೆವು. ಧ್ವನಿಯ ಫೈಲ್ ಸೊನ್ನೆಯಿಂದ ಶುರುವಾಗುತ್ತದೆ. ಕ್ಯಾಮೆರಾ ಚಿತ್ರದ ಜೊತೆಗೇ ದಾಖಲಿಸುವ ಸಮಯ, ಅಂದರೆ ಟೈಮ್‌ಕೋಡ್, ಬೇರೆ ಎಲ್ಲಿಂದಲೋ ಶುರುವಾಗಿರುತ್ತದೆ. ನಾವು ಬರೆದ ಒಂದು ಸಮಯವೂ ಚಿತ್ರಕ್ಕೆ ತಾಳೆಯಾಗಲಿಲ್ಲ. ಎರಡನ್ನೂ ಮತ್ತೆ ಕೂತು ಸರಿಮಾಡಬೇಕಾಯಿತು. ಆಮೇಲೆ ಬುದ್ಧಿ ಬಂತು. ಎಲ್ಲ ವಿಡಿಯೊದ್ದೂ ಒಂದೊಂದು ಸಣ್ಣ ಗಾತ್ರದ ನಕಲು ಮಾಡಿ, ಕ್ಯಾಮೆರಾದ ಟೈಮ್‌ಕೋಡ್ ಚಿತ್ರದ ಮೇಲೇ ಕಾಣುವ ಹಾಗೆ ಅಚ್ಚು ಹಾಕಿಸಿದೆವು. ಬರೆಯುವುದಕ್ಕೆ ಅದನ್ನೇ ಇಟ್ಟುಕೊಂಡೆವು.

ಇನ್ನೊಂದು, ಅಂಚಿನಲ್ಲಿ ಜಾಗ ಬಿಟ್ಟು ಬರೆಯಿರಿ. ಆ ಅಂಚಿನಲ್ಲಿ ಮಾತಲ್ಲದ್ದು ಬರಬೇಕು. ಆಷಾಢದಲ್ಲಿ ಶೂಟಿಂಗ್ ಅಂದಮೇಲೆ ಮಳೆ ಇದ್ದೇ ಇರುತ್ತದೆ ಅಲ್ವಾ? ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಹೇಳಿದ ವಾಕ್ಯವನ್ನು, ಹೊಳವಾದ ಮೇಲೆ ಹೇಳಿದ ವಾಕ್ಯಕ್ಕೆ ಅಂಟಿಸಿದರೆ ಕಾಗದದಲ್ಲಿ ಚೆಂದವಾಗಿ ಕೂರುತ್ತದೆ. ಕೇಳುವಾಗ ಮಳೆ ಫಕ್ಕನೆ ನಿಂತುಹೋಗುತ್ತದೆ. ಅದಕ್ಕೆ ಅಂಚಿನಲ್ಲಿ "ಮಳೆ ಜೋರು", "ಮಳೆ ಇಲ್ಲ" ಅಂತ ಬರೆದಿಟ್ಟೆವು. ಹಾಗೆಯೇ ಸೀರೆಯ ಬಣ್ಣ. ಅಜ್ಜಿಯನ್ನು ಎರಡು ದಿನ ಮಾತಾಡಿಸಿದ್ದೆವು. ಒಂದು ದಿನ ಹಸಿರು ಸೀರೆ, ಇನ್ನೊಂದು ದಿನ ಕಂದು ಸೀರೆ. ಎರಡು ದಿನದ ಮಾತು ಕೂಡಿಸಿದರೆ ಒಂದು ಕಡೆಯಾದರೂ ಮುಖ ಬಿಟ್ಟು ಬೇರೆ ಚಿತ್ರ ತೋರಿಸಲೇಬೇಕು.

ವಾಕ್ಯದ ಕೊನೆಗೆ ದನಿ ಇಳಿಯಿತೋ, ಮೇಲಕ್ಕೇ ನಿಂತಿತೋ ಅನ್ನೋದಕ್ಕೂ ಒಂದು ಗುರುತು ಬೇಕು. ನಾವು ಸಣ್ಣ ಬಾಣ ಹಾಕುತ್ತಿದ್ದೆವು. ದನಿ ಮೇಲೆ ನಿಂತ ಕಡೆ ಮಾತು ಮುಗಿಸಲು ಬರುವುದಿಲ್ಲ. ಕಾಗದದ ಮೇಲೆ ಚುಕ್ಕಿ ಇಟ್ಟರೂ ಕಿವಿಗೆ ಮುಂದಿನದನ್ನು ಯಾರೋ ಕಸಿದುಕೊಂಡ ಹಾಗೆ ಕೇಳಿಸುತ್ತದೆ.

ಬರೆದದ್ದಾಯಿತು. ಓದಿ, ಬೇಕೆನಿಸಿದ್ದಕ್ಕೆ ಅಡಿಗೆರೆ ಎಳೆದೆವು. ಹನ್ನೊಂದು ಗಂಟೆ ಸುಮಾರು ಎರಡು ಗಂಟೆಗೆ ಇಳಿಯಿತು. ಆ ಎರಡು ಗಂಟೆಯ ಮಾತಿನ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಕತ್ತರಿ ಹಿಡಿದು ಚೀಟಿಗಳಾಗಿ ಕತ್ತರಿಸಿದೆವು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಕಾಗದ. ಪ್ರತಿ ಚೀಟಿಯ ತಲೆಯ ಮೇಲೆ ಯಾರು, ಕ್ಯಾಮೆರಾದ ಯಾವ ಮೆಮೊರಿ ಕಾರ್ಡ್, ಎಲ್ಲಿಂದ ಎಲ್ಲಿವರೆಗೆ, ಎಷ್ಟು ಸೆಕೆಂಡ್. ಉದಾಹರಣೆಗೆ: ಅಜ್ಜಿ, ಕಾರ್ಡ್ 2, 14 ನಿಮಿಷ 32 ಸೆಕೆಂಡಿನಿಂದ 15 ನಿಮಿಷ 9 ಸೆಕೆಂಡ್, ಒಟ್ಟು 37 ಸೆಕೆಂಡ್. ಜಗಲಿಯ ಸಿಮೆಂಟ್ ನೆಲದ ಮೇಲೆ ಎಲ್ಲವನ್ನೂ ಹರಡಿದೆವು. ಗಾಳಿಗೆ ಹಾರದಿರಲಿ ಅಂತ ಮೇಲೆ ಒಂದೊಂದು ಅಡಿಕೆ ಇಟ್ಟೆವು.

ಈ ಹರಡುವಿಕೆಯಲ್ಲೇ ದೊಡ್ಡ ಲಾಭ ಇರುವುದು. ಸಾಫ್ಟ್‌ವೇರಿನಲ್ಲಿ ಒಂದು ಹೊತ್ತಿಗೆ ಒಬ್ಬರ ಮಾತು ಕೇಳಬಹುದು. ನೆಲದ ಮೇಲೆ ಏಳು ಜನರ ಮಾತೂ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಊರು ಬಿಟ್ಟ ದಿನದ ಬಗ್ಗೆ ಮೂರು ಬಣ್ಣದ ಚೀಟಿಗಳು ಒಂದೇ ಕಡೆ ಸೇರಿದವು. ಅಜ್ಜಿಯದು, ಒಬ್ಬ ನಿವೃತ್ತ ಮೇಷ್ಟ್ರದು, ಇನ್ನೊಬ್ಬ ರೈತರದು. ಅಜ್ಜಿ ಹೇಳಿದ್ದು ಹೀಗೆ: "ಎಲ್ಲ ದನ ಲಾರಿ ಹತ್ತಿದ್ವು. ನಮ್ಮ ಎಮ್ಮೆ ಒಂದು ಹತ್ಲಿಲ್ಲ. ಹಗ್ಗ ಕಿತ್ಕೊಂಡು ತಿರುಗಿ ಕೊಟ್ಟಿಗೆಗೇ ಹೋಯ್ತು. ಕೊಟ್ಟಿಗೆ ಮಾಡು ಆಗ್ಲೇ ತೆಗೆದಾಗಿತ್ತು." ಮೇಷ್ಟ್ರು ನಾಲ್ಕು ನಿಮಿಷ ಮಾತಾಡಿದ್ದರು. ಪರಿಹಾರ, ಆದೇಶ, ಯಾವ ಊರಿನವರು ಎಲ್ಲಿಗೆ ಹೋದರು, ಎಲ್ಲ ವಿವರವಾಗಿ, ಒಳ್ಳೆಯ ಕನ್ನಡದಲ್ಲಿ. ಕೇಳುವಾಗ ಇದೇ ಚಿತ್ರದ ಬೆನ್ನೆಲುಬು ಅಂದುಕೊಂಡಿದ್ದೆವು. ಅಜ್ಜಿಯ ಚೀಟಿಯ ಪಕ್ಕ ಇಟ್ಟಾಗ ನಾಲ್ಕು ನಿಮಿಷದಲ್ಲಿ ಅರ್ಧ ನಿಮಿಷ ಮಾತ್ರ ಉಳಿಯಿತು. ಊರು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಒಂದು ಮಾತು. ಉಳಿದದ್ದನ್ನು ಅಜ್ಜಿಯ ಎಮ್ಮೆಯೇ ಹೇಳುತ್ತಿತ್ತು.

ಮೂರನೆಯ ಚೀಟಿ ರೈತರದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರ ಮಾತು: "ನೀರು ರಾತ್ರಿ ಬಂತಂತೆ. ಬೆಳಿಗ್ಗೆ ಎದ್ದು ನೋಡಿದ್ರೆ ತುಳಸಿಕಟ್ಟೆ ತನಕ ಇತ್ತಂತೆ." ಎಂಥ ಚಿತ್ರ ಅಲ್ವಾ? ಮೊದಲ ಸಲ ಜೋಡಿಸಿದಾಗ ನನ್ನ ಸ್ನೇಹಿತ ಪೆನ್ಸಿಲಿನಲ್ಲಿ ಎರಡೂ "ಅಂತೆ"ಗಳನ್ನು ಹೊಡೆದುಹಾಕಿದ್ದ. "ನೀರು ರಾತ್ರಿ ಬಂತು, ತುಳಸಿಕಟ್ಟೆ ತನಕ ಇತ್ತು." ಓದಲು ಬಿಗಿಯಾಯಿತು. ಧ್ವನಿಯಲ್ಲೂ ಅಲ್ಲಿಗೆ ಕತ್ತರಿ ಹಾಕಲು ಅಷ್ಟೇನೂ ಕಷ್ಟವಿಲ್ಲ. ಆದರೆ ಆ ರೈತರಿಗೆ ಆಗ ನಾಲ್ಕು ವರ್ಷ. ಅವರು ಕಂಡದ್ದಲ್ಲ, ಅಮ್ಮನ ಬಾಯಿಂದ ಕೇಳಿದ್ದು. ಅದನ್ನೇ ಅವರು ಪ್ರಾಮಾಣಿಕವಾಗಿ "ಅಂತೆ" ಅಂದಿದ್ದರು. ಆ ಎರಡು ಅಕ್ಷರ ತೆಗೆದರೆ ಕೇಳಿದವರು ಕಂಡವರಾಗಿಬಿಡುತ್ತಾರೆ. ಅವರು ಆಡದ ಸಾಕ್ಷಿಯನ್ನು ನಾವು ಅವರ ಬಾಯಿಗೆ ಹಾಕಿದ ಹಾಗೆ.

ಕನ್ನಡದಲ್ಲಿ ಈ ಅಪಾಯ ಜಾಸ್ತಿ. ನಮ್ಮ ಭಾಷೆಯಲ್ಲಿ ಮಾತಿನ ತಿರುವೆಲ್ಲ ಬಾಲದಲ್ಲಿರುತ್ತದೆ. ಕಂಡದ್ದೋ ಕೇಳಿದ್ದೋ, ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ, ಎಲ್ಲ ಕೊನೆಗೇ ತಿಳಿಯುವುದು. ಒಬ್ಬರು "ಪರಿಹಾರ ಸಾಕಾಯ್ತು ಅಂತ ನಾನು ಹೇಳಲ್ಲ" ಅಂದಿದ್ದರು. ಉದ್ದ ಆಯಿತು ಅಂತ ಬಾಲ ಕತ್ತರಿಸಿದರೆ ಅರ್ಥವೇ ತಿರುಗಾಮುರುಗಾ. ಆಮೇಲೆ ನಾವೊಂದು ನಿಯಮ ಮಾಡಿಕೊಂಡೆವು. ವಾಕ್ಯದ ತಲೆ ಕತ್ತರಿಸಬಹುದು, ನಡುವೆ ಬಂದ ಬೇರೆ ಸುದ್ದಿ ಕತ್ತರಿಸಬಹುದು, ಬಾಲ ಮುಟ್ಟುವಂತಿಲ್ಲ.

ತಲೆ ಕತ್ತರಿಸುವಾಗಲೂ ಒಂದು ತೊಂದರೆ ಇದೆ. ಎದುರು ಕೂತು ಮಾತಾಡುವಾಗ ಜನ "ಅದು", "ಅಲ್ಲಿ", "ಅವರು" ಅಂತಲೇ ಹೇಳುತ್ತಾರೆ. ಯಾವುದು ಅಂತ ನಮಗೆ ಗೊತ್ತಿರುತ್ತದೆ, ನೋಡುವವರಿಗೆ ಗೊತ್ತಿರುವುದಿಲ್ಲ. ಚೀಟಿ ಮಾತ್ರ ಓದಿದಾಗ "ಅಲ್ಲಿ" ಅಂದರೆ ಎಲ್ಲಿ ಅಂತ ತಿಳಿಯದಿದ್ದರೆ, ಅದಕ್ಕೆ ಮೊದಲು ಊರಿನ ಹೆಸರು ಬರುವ ಇನ್ನೊಂದು ಚೀಟಿ ಬೇಕು. ಅದನ್ನು ಕಂಡುಹಿಡಿಯಲು ಒಂದು ಉಪಾಯ ಮಾಡಿದೆವು. ಸಂದರ್ಶನಕ್ಕೆ ಬಂದಿರದ ನನ್ನ ಅತ್ತಿಗೆಯನ್ನು ಕೂರಿಸಿ, ಚೀಟಿಗಳನ್ನು ಸಾಲಾಗಿ ಓದಿ ಹೇಳಿದೆವು. ಅವರು "ಯಾರು?" ಅಂತ ಕೇಳಿದ ಕಡೆಯೆಲ್ಲ ಕೆಂಪು ಗುರುತು ಹಾಕಿದೆವು. ಒಂಬತ್ತು ಕಡೆ ಬಿತ್ತು.

ಊರು ಬಿಟ್ಟ ದಿನದ ಸಾಲು ಕೊನೆಗೆ ನಿಂತದ್ದು ಹೀಗೆ. ಮೊದಲು ಮೇಷ್ಟ್ರ ಅರ್ಧ ನಿಮಿಷ. ಆಮೇಲೆ ಅಜ್ಜಿಯ ಎಮ್ಮೆ. ಕೊನೆಗೆ ರೈತರ ಮಾತು, ಎರಡೂ "ಅಂತೆ"ಗಳ ಸಮೇತ. ಅಚ್ಚರಿ ಅಂದರೆ, ಕಂಡವರ ಮಾತಿನ ಹಿಂದೆ ಬಂದಾಗ ಆ "ಅಂತೆ" ಸಪ್ಪೆ ಅನಿಸಲೇ ಇಲ್ಲ. ಮನೆಯಲ್ಲಿ ವರ್ಷಗಟ್ಟಲೆ ಹೇಳಿ ಹೇಳಿ ಉಳಿದ ಕತೆಯ ಹಾಗೆ ಕೇಳಿಸಿತು.

ಹೀಗೆ ಸಾಲು ಕೂರಿಸಿ ಹಾಳೆಗಳಿಗೆ ಅಂಟಿಸಿದೆವು. ಹಾಳೆಯ ಬಲಕ್ಕೆ ಮಾತು, ಎಡಕ್ಕೆ ಆ ಹೊತ್ತಿಗೆ ಏನು ಕಾಣಬೇಕು ಅನ್ನೋದು. ಒಬ್ಬರ ಮಾತಿನ ನಡುವೆ ಕತ್ತರಿಸಿ ಕೂಡಿಸಿದ ಕಡೆ ಮುಖ ತೋರಿಸಿದರೆ ತಲೆ ತಟಕ್ಕನೆ ಜಿಗಿಯುತ್ತದೆ. ಅಂಥ ಕಡೆ ಎಡಗಡೆ ಖಾಲಿ ಬಿಡದೆ ಏನಾದರೂ ಬರೆಯಬೇಕು. ಬೇಸಿಗೆಯಲ್ಲಿ ನೀರಿಳಿದಾಗ ಮೇಲೆದ್ದ ಮರದ ಬೊಡ್ಡೆಗಳು, ಲಾಂಚಿನ ಹಗ್ಗ ಕಟ್ಟುವ ಕೈ. ಬರೆಯಲು ಏನೂ ಸಿಗದಿದ್ದರೆ ಅಲ್ಲಿಗೆ ಚಿತ್ರ ಇಲ್ಲ ಅಂತ ಆಗಲೇ ತಿಳಿಯುತ್ತದೆ. ನಮಗೆ ನಾಲ್ಕು ಕಡೆ ಹಾಗಾಯಿತು. ಕ್ಯಾಮೆರಾ ಹಿಡಿದು ಮತ್ತೆ ಒಂದು ದಿನ ಹೋಗಿ ಬಂದೆವು.

ಆಮೇಲೆ ಗಡಿಯಾರ ಇಟ್ಟುಕೊಂಡು ಎಲ್ಲವನ್ನೂ ಜೋರಾಗಿ ಓದಿದೆವು. ಅವರವರು ಆಡಿದ ಗತಿಯಲ್ಲೇ ಓದಬೇಕು, ಅವಸರ ಮಾಡಬಾರದು. ಮೊದಲ ಸಲ ಮಾತೇ 34 ನಿಮಿಷ. ಮೂರು ಸಲ ತೆಗೆದು, ಕೊನೆಗೆ 15 ನಿಮಿಷಕ್ಕೆ ತಂದೆವು. ಉಳಿದ 11 ನಿಮಿಷ ನೀರಿಗೆ, ಕಾಡಿಗೆ, ಸದ್ದಿಗೆ. ತೆಗೆದ ಚೀಟಿಗಳನ್ನು ಬಿಸಾಡಲಿಲ್ಲ. ಒಂದು ಕವರಿನಲ್ಲಿ ಹಾಕಿಟ್ಟೆವು, ಎರಡು ಆಮೇಲೆ ವಾಪಸ್ ಬಂದವು.

ಇಷ್ಟಾದ ಮೇಲೆ ಕಂಪ್ಯೂಟರ್ ಮುಂದೆ ಕೂತೆವು. ಚೀಟಿಯ ಸಮಯ ನೋಡಿ ತುಂಡುಗಳನ್ನು ಸಾಲಾಗಿ ಇಡುವುದಕ್ಕೆ ಒಂದೂವರೆ ದಿನ ಸಾಕಾಯಿತು. ಆದರೆ 15 ನಿಮಿಷ ಇರಬೇಕಾದ ಮಾತು 18 ನಿಮಿಷ ಬಂದಿತ್ತು. ಹೆಚ್ಚಿನ ಮೂರು ನಿಮಿಷ ಎಲ್ಲಿಂದ ಬಂತು ಅಂತ ಹುಡುಕಿದೆವು. ಉಸಿರು, ನಿಲುಗಡೆ, ವಾಕ್ಯಕ್ಕೂ ವಾಕ್ಯಕ್ಕೂ ನಡುವಿನ ಯೋಚನೆ. ಎಷ್ಟೇ ನಿಧಾನ ಓದಿದರೂ ಅವುಗಳನ್ನು ನಾವು ನುಂಗಿಬಿಟ್ಟಿದ್ದೆವು.

ಅದರಲ್ಲಿ ಅಜ್ಜಿಯದೇ ಒಂದು. "ಕೊಟ್ಟಿಗೆ ಮಾಡು ಆಗ್ಲೇ ತೆಗೆದಾಗಿತ್ತು" ಅಂದಮೇಲೆ ಅವರು ಹನ್ನೊಂದು ಸೆಕೆಂಡ್ ಸುಮ್ಮನಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ನಮ್ಮ ಬರಹದಲ್ಲಿ ಅಲ್ಲಿ ಬರಿ ಒಂದು ಚುಕ್ಕಿ ಇತ್ತು. ಪೆನ್ಸಿಲ್ ತಗೊಂಡು ಆ ಚೀಟಿಯ ಕೊನೆಗೆ "ಸುಮ್ಮನೆ, 11 ಸೆಕೆಂಡ್" ಅಂತ ಬರೆದೆವು. ಚೀಟಿಯ ತಲೆಯ ಮೇಲಿದ್ದ 37ನ್ನು ಹೊಡೆದು 48 ಮಾಡಿದೆವು. ಆ ಹನ್ನೊಂದು ಸೆಕೆಂಡಿಗೆ ಜಾಗ ಬೇಕು ಅಂತ ಮೇಷ್ಟ್ರ ಅರ್ಧ ನಿಮಿಷದಲ್ಲಿ ಇನ್ನೊಂದು ವಾಕ್ಯ ಕಡಿಮೆಯಾಯಿತು.

ನಮಸ್ಕಾರ.