‘ನೋ ಎರರ್’ ಎಂದು ಗುರುತು ಹಾಕುವ ಮುನ್ನ: ದಾವಣಗೆರೆಯ ವೀಕ್ಷಕಿಯೊಬ್ಬರ ಪ್ರಶ್ನೆ

ವೀಕ್ಷಕರೆ, ನಮಸ್ಕಾರ. ದಾವಣಗೆರೆಯಲ್ಲಿ ಬ್ಯಾಂಕ್ ಮತ್ತು ಎಸ್‌ಎಸ್‌ಸಿ ಪರೀಕ್ಷೆಗಳಿಗೆ ಓದುತ್ತಿರುವ ವೀಕ್ಷಕಿಯೊಬ್ಬರು ಕಳೆದ ವಾರ ಹೀಗೆ ಬರೆದಿದ್ದರು: “ಸರ್, ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ತಪ್ಪಿದ್ದಾಗ ನನಗೆ ಕಾಣುವುದಿಲ್ಲ, ಇಲ್ಲದಿದ್ದಾಗ ಕಾಣುತ್ತದೆ. ‘ನೋ ಎರರ್’ ಎಂಬ ಉತ್ತರವನ್ನು ಯಾವ ಆಧಾರದ ಮೇಲೆ ಆರಿಸಬೇಕು?” ಇಂದಿನ ಸಂಚಿಕೆ ಈ ಒಂದು ಪ್ರಶ್ನೆಯ ಬೆನ್ನು ಹತ್ತುತ್ತದೆ.

ಪ್ರಶ್ನೆಯ ಸ್ವರೂಪ ನಿಮಗೆ ತಿಳಿದೇ ಇದೆ. ವಾಕ್ಯವನ್ನು ಮೂರು ಅಥವಾ ನಾಲ್ಕು ಭಾಗ ಮಾಡಿರುತ್ತಾರೆ. ತಪ್ಪಿದ್ದರೆ ಅದು ಒಂದೇ ಭಾಗದಲ್ಲಿರುತ್ತದೆ, ಇಲ್ಲದಿದ್ದರೆ ಕೊನೆಯ ಆಯ್ಕೆ ‘ನೋ ಎರರ್’. ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳಿಗೆ 60 ನಿಮಿಷ ಇರುವುದರಿಂದ ಒಂದು ಪ್ರಶ್ನೆಗೆ ಸರಾಸರಿ 36 ಸೆಕೆಂಡು ಸಿಗುತ್ತದೆ. ಸರಿಯುತ್ತರಕ್ಕೆ 2 ಅಂಕ, ತಪ್ಪುತ್ತರಕ್ಕೆ 0.50 ಅಂಕ ಕಡಿತ. ಈಗ ನೇರವಾಗಿ ಒಂದು ವಾಕ್ಯಕ್ಕೆ ಬರೋಣ.

[ಪರದೆಯ ಮೇಲೆ]

```
(A) One of the farmers
(B) who have sold their maize
(C) has not received the payment.
(D) No error
```

ನಮ್ಮ ಮಾರುಕಟ್ಟೆಗೆ ಮೆಕ್ಕೆಜೋಳ ಬರುವ ಕಾಲದಲ್ಲಿ ಯಾರೂ ಆಡಬಹುದಾದ ಮಾತಿದು. ವಿಡಿಯೋವನ್ನು ನಿಲ್ಲಿಸಿ ಒಮ್ಮೆ ಉತ್ತರಿಸಿ ನೋಡಿ. ಒಂದೇ ವಾಕ್ಯದಲ್ಲಿ ಒಮ್ಮೆ ‘ಹ್ಯಾವ್’, ಇನ್ನೊಮ್ಮೆ ‘ಹ್ಯಾಸ್’ ಬಂದಿರುವುದನ್ನು ಕಂಡು, ಎರಡರಲ್ಲಿ ಒಂದು ತಪ್ಪಿರಲೇಬೇಕು ಎಂದುಕೊಂಡು ಹಲವರು ಬಿ ಅಥವಾ ಸಿ ಆರಿಸುತ್ತಾರೆ. ಸರಿಯುತ್ತರ ಡಿ, ವಾಕ್ಯದಲ್ಲಿ ತಪ್ಪಿಲ್ಲ.

ಕಾರಣ ಹೀಗಿದೆ. ವಾಕ್ಯದಲ್ಲಿ ಎರಡು ಕ್ರಿಯಾಪದಗಳಿವೆ, ಆದ್ದರಿಂದ ಎರಡು ಕರ್ತೃಗಳನ್ನು ಹುಡುಕಬೇಕು. ಜೋಳ ಮಾರಿದವರು ಯಾರು? ರೈತರು, ಅಂದರೆ ಹಲವರು. ಹೀಗಾಗಿ ‘ಹೂ’ ಎಂಬ ಪದ ತನ್ನ ಪಕ್ಕದಲ್ಲೇ ಇರುವ ‘ಫಾರ್ಮರ್ಸ್’ ಅನ್ನು ಸೂಚಿಸುತ್ತದೆ ಮತ್ತು ಅದಕ್ಕೆ ‘ಹ್ಯಾವ್’ ಬೇಕು. ಆ ಭಾಗದಲ್ಲೇ ಇರುವ ‘ದೇರ್’, ಅಂದರೆ ‘ತಮ್ಮ’ ಎಂಬ ಬಹುವಚನದ ಪದವೂ ಅದನ್ನೇ ಹೇಳುತ್ತಿದೆ. ಹಣ ಸಿಗದೆ ಇರುವುದು ಯಾರಿಗೆ? ಅವರಲ್ಲಿ ಒಬ್ಬನಿಗೆ. ಅಲ್ಲಿಯ ಕರ್ತೃ ವಾಕ್ಯದ ಮೊದಲ ಪದವಾದ ‘ಒನ್’, ಆದ್ದರಿಂದ ‘ಹ್ಯಾಸ್’.

ಕನ್ನಡಿಗರಾದ ನಮಗೆ ಇದು ಏಕೆ ಸಹಜವಾಗಿ ಹೊಳೆಯುವುದಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿದ ಸಂಗತಿ; ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ: “ಜೋಳ ಮಾರಿದ ರೈತರಲ್ಲಿ ಒಬ್ಬ ಇನ್ನೂ ಹಣ ಪಡೆದಿಲ್ಲ.” ‘ಮಾರಿದ’ ಎಂಬ ಕೃದಂತವನ್ನು ಗಮನಿಸಿ. ಮಾರಿದ ರೈತ, ಮಾರಿದ ರೈತರು, ಮಾರಿದ ಹೆಂಗಸು: ಪದ ಬದಲಾಗುವುದೇ ಇಲ್ಲ. ಇಂಗ್ಲಿಷಿನಲ್ಲಿ ಏಕವಚನವೋ ಬಹುವಚನವೋ ಎಂದು ತೀರ್ಮಾನಿಸಲೇಬೇಕಾದ ಜಾಗದಲ್ಲಿ ಕನ್ನಡ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಇನ್ನು ‘ಪಡೆದಿಲ್ಲ’ ಎಂಬುದನ್ನು ನೋಡಿ. ‘ಪಡೆದಿದ್ದಾನೆ’, ‘ಪಡೆದಿದ್ದಾಳೆ’, ‘ಪಡೆದಿದ್ದಾರೆ’ ಎಂದು ಬೇರೆ ಬೇರೆಯಾಗಿ ನುಡಿಯುವ ನಮ್ಮ ಭಾಷೆ ನಿಷೇಧಕ್ಕೆ ಬಂದ ಕೂಡಲೇ ಅವನು ಪಡೆದಿಲ್ಲ, ಅವಳು ಪಡೆದಿಲ್ಲ, ಅವರು ಪಡೆದಿಲ್ಲ ಎಂದು ಒಂದೇ ರೂಪದಲ್ಲಿ ನಿಲ್ಲುತ್ತದೆ. ಹೀಗೆ ಈ ವಾಕ್ಯದ ಎರಡೂ ನಿರ್ಣಾಯಕ ಸ್ಥಳಗಳಲ್ಲಿ ಕನ್ನಡದ ಕಿವಿಗೆ ಯಾವ ಎಚ್ಚರಿಕೆಯೂ ಕೇಳಿಸದು. ವೀಕ್ಷಕಿಯ ಇಂಗ್ಲಿಷ್ ದುರ್ಬಲವಾಗಿದೆ ಎಂದು ನಾನು ಒಪ್ಪುವುದಿಲ್ಲ. ಅವರು ಕಿವಿಯನ್ನು ನಂಬಿದ್ದಾರೆ, ಆ ಕಿವಿ ಇನ್ನೊಂದು ಭಾಷೆಯಲ್ಲಿ ಪಳಗಿದೆ.

ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ಇಂಥದೇ ವಾಕ್ಯದಲ್ಲಿ ‘ಒನ್’ ಬದಲು ‘ದಿ ಓನ್ಲಿ ಒನ್’ ಬಂದರೆ ಲೆಕ್ಕ ತಿರುಗುತ್ತದೆ.

[ಪರದೆಯ ಮೇಲೆ]

```
He is the only one of the farmers who has sold his maize.
```

ಇಲ್ಲಿ ಮಾರಿದವನು ಒಬ್ಬನೇ, ಉಳಿದವರು ಮಾರಿಲ್ಲ. ಆದ್ದರಿಂದ ‘ಹೂ’ ಆ ಒಬ್ಬನನ್ನೇ ಸೂಚಿಸುತ್ತದೆ. ‘ಒನ್ ಆಫ್’ ಕಂಡರೆ ‘ಹ್ಯಾವ್’ ಎಂದು ಬಾಯಿಪಾಠ ಮಾಡಿದವರು ಇಲ್ಲಿ ಸೋಲುತ್ತಾರೆ. ಆ ಕೆಲಸವನ್ನು ಎಷ್ಟು ಜನ ಮಾಡಿದರು ಎಂದು ಕೇಳಿಕೊಂಡವರು ಸೋಲುವುದಿಲ್ಲ. ಇಂಗ್ಲಿಷ್ ಬರೆಯುವವರ ದಿನಬಳಕೆಯಲ್ಲಿ ಮೊದಲ ಬಗೆಯ ವಾಕ್ಯಕ್ಕೂ ‘ಹ್ಯಾಸ್’ ಬರೆದಿರುವುದು ಕಾಣಸಿಗುತ್ತದೆ. ಪರೀಕ್ಷೆಯ ವ್ಯಾಕರಣ ಮಾತ್ರ ಬಹುವಚನವನ್ನೇ ಬಯಸುತ್ತದೆ.

ಈಗ ವೀಕ್ಷಕಿಯ ಮೂಲ ಪ್ರಶ್ನೆ. ನಾನು ವಿದ್ಯಾರ್ಥಿಗಳಿಗೆ ಹೇಳುವ ಪರೀಕ್ಷೆ ಒಂದೇ: ನಿಮಗೆ ಅನುಮಾನ ಬಂದ ಭಾಗವನ್ನು ತಿದ್ದಿ ಬರೆಯಿರಿ. ಯಾವ ಪದವನ್ನು ತೆಗೆದು ಯಾವ ಪದವನ್ನು ಇಡಬೇಕು, ಏಕೆ ಇಡಬೇಕು ಎಂದು ಹೇಳಲಾಗದಿದ್ದರೆ ಆ ಅನುಮಾನವನ್ನು ಬಿಟ್ಟುಬಿಡಿ. ತಿದ್ದಿದ ಮೇಲೆ ವಾಕ್ಯ ಹೆಚ್ಚು ಚೆಂದವಾಯಿತು, ಆದರೆ ಮೊದಲಿದ್ದದ್ದೂ ನಿಯಮಕ್ಕೆ ಸರಿಯಾಗಿತ್ತು ಎಂದಾದರೆ ಅದು ಶೈಲಿಯ ವಿಷಯ, ತಪ್ಪಲ್ಲ. ಎರಡು ಭಾಗಗಳನ್ನು ತಿದ್ದಬೇಕೆನಿಸಿದರೆ, ತಪ್ಪು ಒಂದೇ ಎಂಬ ಷರತ್ತಿನ ಪ್ರಕಾರ ನಿಮ್ಮ ತಿದ್ದುಪಡಿಗಳಲ್ಲಿ ಒಂದಾದರೂ ಸಲ್ಲದು, ಮತ್ತೆ ನೋಡಿ. ಪ್ರತಿ ಕ್ರಿಯಾಪದಕ್ಕೆ ಅದರ ಕರ್ತೃ ಸಿಕ್ಕಿ, ಯಾವ ತಿದ್ದುಪಡಿಯೂ ಕಾರಣಸಹಿತವಾಗಿ ಉಳಿಯದಿದ್ದಾಗ ‘ನೋ ಎರರ್’ ಆರಿಸಿ. ಏನೂ ತೋಚದಿದ್ದಾಗ ಬಿದ್ದುಕೊಳ್ಳುವ ಜಾಗವೆಂದು ಅದನ್ನು ಭಾವಿಸಬಾರದು.

ಅವರ ತೊಂದರೆಯ ಇನ್ನೊಂದು ಅರ್ಧ ಉಳಿದಿದೆ: ತಪ್ಪಿದ್ದೂ ಕಾಣದಿರುವುದು.

[ಪರದೆಯ ಮೇಲೆ]

```
We discussed about the water problem.
I am living here since five years.
```

ಮೊದಲ ವಾಕ್ಯ ನಮಗೆ ನಯವಾಗಿ ಕೇಳಿಸುವುದು ಅದರ ಕೆಳಗೆ “ನೀರಿನ ಸಮಸ್ಯೆಯ ಬಗ್ಗೆ ಚರ್ಚಿಸಿದೆವು” ಎಂಬ ಕನ್ನಡ ಇರುವುದರಿಂದ. ‘ಬಗ್ಗೆ’ ಎಂಬುದೇ ‘ಅಬೌಟ್’ ಆಗಿ ಬಂದು ಕುಳಿತಿದೆ, ಆದರೆ ‘ಡಿಸ್ಕಸ್’ ಅದನ್ನು ಬೇಡುವುದಿಲ್ಲ. ಎರಡನೆಯದರಲ್ಲಿ ನಮ್ಮ ‘ಇಂದ’ ಪ್ರತ್ಯಯದ ಪ್ರಭಾವವಿದೆ. ಸೋಮವಾರದಿಂದ ಎಂದರೂ ‘ಇಂದ’, ಐದು ವರ್ಷಗಳಿಂದ ಎಂದರೂ ‘ಇಂದ’; ಇಂಗ್ಲಿಷಿನಲ್ಲಿ ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಜೊತೆಗೆ ‘ವಾಸಿಸುತ್ತಿದ್ದೇನೆ’ ಎಂಬುದು ‘ಆ್ಯಮ್ ಲಿವಿಂಗ್’ ಆಗಿದೆ. ಅಲ್ಲಿ ‘ಹ್ಯಾವ್ ಬೀನ್ ಲಿವಿಂಗ್’ ಬೇಕು. ಒಂದೇ ವಾಕ್ಯದಲ್ಲಿ ಎರಡು ತಪ್ಪು ಇರುವುದರಿಂದ ಪರೀಕ್ಷೆಯಲ್ಲಿ ಇದು ಇದೇ ರೂಪದಲ್ಲಿ ಬರುವುದಿಲ್ಲ, ಯಾವುದಾದರೂ ಒಂದನ್ನು ಸರಿಪಡಿಸಿ ಕೇಳುತ್ತಾರೆ. ಸಮಯ ಮೀರುತ್ತಿರುವುದರಿಂದ ಉಳಿದೆರಡನ್ನು ಒಟ್ಟಿಗೆ ಹೇಳಿಬಿಡುತ್ತೇನೆ: ‘ಗಿಂತ’ ಎಂಬುದರ ಪ್ರಭಾವದಿಂದ ‘ಸುಪೀರಿಯರ್ ದ್ಯಾನ್’ ಎನ್ನುತ್ತೇವೆ, ‘ಜೊತೆ’ ಎಂಬುದರ ಪ್ರಭಾವದಿಂದ ‘ಮ್ಯಾರೀಡ್ ವಿತ್’ ಎನ್ನುತ್ತೇವೆ, ಎರಡೂ ಕಡೆ ಬೇಕಿರುವುದು ‘ಟು’.

ಕೊನೆಯದಾಗಿ ಒಂದು ಪ್ರಶ್ನೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ನಿಂತವರ ಮಾತು ಎಂದು ಭಾವಿಸಿ.

[ಪರದೆಯ ಮೇಲೆ]

```
(A) Neither of the two buses
(B) to Hiriyur
(C) have left yet.
(D) No error
```

“ಹಿರಿಯೂರಿನ ಎರಡೂ ಬಸ್ಸುಗಳು ಇನ್ನೂ ಹೊರಟಿಲ್ಲ” ಎಂದು ಮನಸ್ಸಿನಲ್ಲಿ ಓದಿಕೊಂಡವರಿಗೆ ಡಿ ಸರಿಯೆನಿಸುತ್ತದೆ, ಏಕೆಂದರೆ ಕನ್ನಡ ಎರಡನ್ನೂ ಸೇರಿಸಿ ಹೇಳುತ್ತದೆ ಮತ್ತು ‘ಹೊರಟಿಲ್ಲ’ ಇಲ್ಲಿಯೂ ವಚನವನ್ನು ಮುಚ್ಚಿಡುತ್ತದೆ. ಇಂಗ್ಲಿಷ್ ಬಸ್ಸುಗಳನ್ನು ಒಂದೊಂದಾಗಿ ನೋಡುತ್ತದೆ: ಇದೂ ಇಲ್ಲ, ಅದೂ ಇಲ್ಲ. ಪರೀಕ್ಷೆಯ ವ್ಯಾಕರಣದಲ್ಲಿ ‘ನೈದರ್’ ಏಕವಚನ. ‘ಬಸಸ್’ ಎಂಬುದು ನಡುವೆ ಬಂದ ಪದವಷ್ಟೇ, ಕರ್ತೃವಲ್ಲ. ತಪ್ಪು ಇರುವುದು ಸಿ ಭಾಗದಲ್ಲಿ, ‘ಹ್ಯಾವ್’ ತೆಗೆದು ‘ಹ್ಯಾಸ್’ ಬರೆಯಿರಿ.