ಫ್ರೆಶರ್ ರೆಸ್ಯೂಮೆ: ಒಂದು ಪುಟದ ಸಾಲುಗಳನ್ನು ಯಾವುದಕ್ಕೆ ಎಷ್ಟು ಹಂಚಬೇಕು?

[ಪರದೆಯ ಮೇಲೆ: ಖಾಲಿ ಎ4 ಪುಟ]

ನಮಸ್ಕಾರ. ಸಾಫ್ಟ್‌ವೇರ್ ಕೆಲಸಕ್ಕೆ ಮೊದಲ ಬಾರಿ ಅರ್ಜಿ ಹಾಕುವವರ ಒಂದು ಪುಟದ ರೆಸ್ಯೂಮೆಯನ್ನು ಇವತ್ತು ಈ ಖಾಲಿ ಹಾಳೆಯಿಂದಲೇ ಕಟ್ಟೋಣ. ಟೆಂಪ್ಲೇಟ್ ಹುಡುಕುವುದು ಬೇಡ. ಈ ಹಾಳೆಯಲ್ಲಿ ಎಷ್ಟು ಜಾಗವಿದೆ ಎಂಬ ಲೆಕ್ಕ ಮೊದಲು ಗೊತ್ತಾಗಲಿ. ಆ ಲೆಕ್ಕ ಗೊತ್ತಿದ್ದರೆ ಯಾವ ಭಾಗ ಎಲ್ಲಿ ಬರಬೇಕು, ಯಾವುದನ್ನು ಮೊಟಕುಗೊಳಿಸಬೇಕು ಎಂಬ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ಎ4 ಹಾಳೆಯ ಎತ್ತರ 297 ಮಿಲಿಮೀಟರ್, ಅಂದರೆ ಅಕ್ಷರಗಳನ್ನು ಅಳೆಯುವ ಪಾಯಿಂಟ್ ಲೆಕ್ಕದಲ್ಲಿ 842. ಮೇಲೆ ಕೆಳಗೆ 1.8 ಸೆಂಟಿಮೀಟರ್ ಮಾರ್ಜಿನ್ ಬಿಟ್ಟರೆ ನಮ್ಮ ಕೈಗೆ ಸಿಗುವುದು ಸುಮಾರು 740 ಪಾಯಿಂಟ್. ಅಕ್ಷರದ ಗಾತ್ರ ಹತ್ತೂವರೆ ಇಟ್ಟು, ಲೈನ್ ಸ್ಪೇಸಿಂಗ್ ಅನ್ನು ಸಿಂಗಲ್‌ನಲ್ಲಿಟ್ಟರೆ ಕ್ಯಾಲಿಬ್ರಿಯಂತಹ ಫಾಂಟ್‌ನಲ್ಲಿ ಒಂದು ಸಾಲು ಹದಿಮೂರು ಪಾಯಿಂಟ್‌ನಷ್ಟು ಎತ್ತರ ತೆಗೆದುಕೊಳ್ಳುತ್ತದೆ. ಭಾಗಿಸಿ ನೋಡಿ, 56 ಸಾಲು. ಶೀರ್ಷಿಕೆಗಳ ಸುತ್ತ, ಬುಲೆಟ್‌ಗಳ ನಡುವೆ ಬಿಡುವ ಖಾಲಿ ಜಾಗಕ್ಕೆ ಎಂಟೊಂಬತ್ತು ಸಾಲು ಹೋಗುತ್ತದೆ. ಬರೆಯಲು ಉಳಿಯುವುದು 47ರ ಆಸುಪಾಸು. ನಿಮ್ಮ ಬಂಡವಾಳ ಇಷ್ಟೇ.

ಲೆಟರ್ ಗಾತ್ರದ ಹಾಳೆ ಬಳಸುವ ದೇಶದ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಪುಟದ ಗಾತ್ರವನ್ನು ಈಗಲೇ ಬದಲಿಸಿಕೊಳ್ಳಿ. ಅದು ಎ4ಗಿಂತ ಗಿಡ್ಡ, ಸುಮಾರು ನಾಲ್ಕು ಸಾಲು ಕಡಿಮೆ ಹಿಡಿಯುತ್ತದೆ.

[ಪರದೆಯ ಮೇಲೆ: ಪುಟದ ಮೇಲೆ ಬಣ್ಣದ ಪಟ್ಟಿಗಳು ಒಂದೊಂದಾಗಿ ಮೂಡುತ್ತವೆ, ಪ್ರಾಜೆಕ್ಟ್ ಪಟ್ಟಿ ಅರ್ಧ ಪುಟದಷ್ಟು]

ಈಗ ಹಂಚಿಕೆ. ಹೆಸರಿಗೆ ಎರಡು ಸಾಲಿನ ಎತ್ತರ, ಸಂಪರ್ಕಕ್ಕೆ ಒಂದು ಸಾಲು. ಶಿಕ್ಷಣಕ್ಕೆ ಶೀರ್ಷಿಕೆ ಸೇರಿ ಐದು, ಕೌಶಲಗಳಿಗೆ ಐದು, ಇಂಟರ್ನ್‌ಶಿಪ್‌ಗೆ ಆರು. ಪ್ರಾಜೆಕ್ಟ್‌ಗಳಿಗೆ 22. ಸ್ಪರ್ಧೆ, ಪ್ರಮಾಣಪತ್ರ ಇತ್ಯಾದಿಗಳಿಗೆ ಕೊನೆಯಲ್ಲಿ ನಾಲ್ಕು. ಕೂಡಿದರೆ 45. ಒಂದೆರಡು ಸಾಲು ಉಳಿತಾಯವೂ ಆಯಿತು.

ಪ್ರಾಜೆಕ್ಟ್‌ಗಳಿಗೆ ಸುಮಾರು ಅರ್ಧ ಪುಟ ಕೊಟ್ಟಿರುವುದನ್ನು ಗಮನಿಸಿ. ಅನುಭವ ಇಲ್ಲದವರು ಕೆಲಸ ಮಾಡಬಲ್ಲರು ಎಂಬುದಕ್ಕೆ ಪುರಾವೆ ಇರುವುದು ಅಲ್ಲಿ ಮಾತ್ರ. ಹಾಗಾದರೆ ಅದನ್ನೇ ಎಲ್ಲಕ್ಕಿಂತ ಮೇಲೆ ಏಕೆ ಇಡಬಾರದು ಎಂದು ನೀವು ಕೇಳಬಹುದು. ಫ್ರೆಶರ್ ಅರ್ಜಿಗಳನ್ನು ಜರಡಿ ಹಿಡಿಯುವವರು ಮೊದಲು ನೋಡುವುದು ಪದವಿ ಯಾವುದು, ಮುಗಿದದ್ದು ಯಾವ ವರ್ಷ ಎಂಬುದನ್ನು. ಅದು ಹುಡುಕದೇ ಸಿಗಬೇಕು. ಶಿಕ್ಷಣದ ಭಾಗ ಚಿಕ್ಕದಾಗಿರುವುದರಿಂದ ಮೇಲಿದ್ದರೂ ಪ್ರಾಜೆಕ್ಟ್‌ಗಳನ್ನು ಹೆಚ್ಚು ಕೆಳಗೆ ತಳ್ಳುವುದಿಲ್ಲ. ಅದರ ಕೆಳಗೆ ಕೌಶಲಗಳು, ಆಮೇಲೆ ಇಂಟರ್ನ್‌ಶಿಪ್, ಆಮೇಲೆ ಪ್ರಾಜೆಕ್ಟ್‌ಗಳು. ಇಂಟರ್ನ್‌ಶಿಪ್ ಮಾಡಿಲ್ಲವೇ? ಆ ಆರು ಸಾಲು ಪ್ರಾಜೆಕ್ಟ್‌ಗಳಿಗೆ ಸೇರಲಿ.

ಒಂದು ಸಂದರ್ಭದಲ್ಲಿ ಈ ಕ್ರಮವನ್ನು ತಿರುಗಿಸಬೇಕು. ನಿಮ್ಮ ಪದವಿ ಕಂಪ್ಯೂಟರ್‌ಗೆ ಸಂಬಂಧಿಸಿದ್ದಲ್ಲ, ಪ್ರೋಗ್ರಾಮಿಂಗ್ ಅನ್ನು ಸ್ವಂತವಾಗಿ ಕಲಿತಿದ್ದೀರಿ ಎಂದಿಟ್ಟುಕೊಳ್ಳಿ. ಆಗ ಕೌಶಲ ಮತ್ತು ಪ್ರಾಜೆಕ್ಟ್‌ಗಳು ಮೇಲೆ ಬರಲಿ, ಶಿಕ್ಷಣ ಕೊನೆಗೆ ಹೋಗಲಿ.

[ಪರದೆಯ ಮೇಲೆ: ಒಂದು ಶೀರ್ಷಿಕೆ, ಅದರ ಮೇಲೆ ಮತ್ತು ಕೆಳಗೆ ಅಳತೆಯ ಗೆರೆಗಳು]

ಇನ್ನು ಅಂತರ. ಹೆಚ್ಚಿನ ರೆಸ್ಯೂಮೆಗಳು ಕಿಕ್ಕಿರಿದಂತೆ ಕಾಣುವುದಕ್ಕೆ ಪದಗಳು ಹೆಚ್ಚಾಗಿರುವುದೊಂದೇ ಕಾರಣವಲ್ಲ. ಖಾಲಿ ಜಾಗ ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ, ಹಾಗಾಗಿ ಯಾವುದು ಯಾವುದಕ್ಕೆ ಸೇರಿದ್ದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಶೀರ್ಷಿಕೆಯ ಮೇಲೆ ಹತ್ತು ಪಾಯಿಂಟ್, ಕೆಳಗೆ ಮೂರು ಪಾಯಿಂಟ್ ಬಿಡಿ. ಆಗ ಶೀರ್ಷಿಕೆ ತನ್ನ ಕೆಳಗಿನ ಬರಹಕ್ಕೆ ಅಂಟಿಕೊಳ್ಳುತ್ತದೆ, ಮೇಲಿನ ಭಾಗದಿಂದ ಬೇರೆಯಾಗುತ್ತದೆ. ಎರಡು ಪ್ರಾಜೆಕ್ಟ್‌ಗಳ ನಡುವೆ ಆರು, ಎರಡು ಬುಲೆಟ್‌ಗಳ ನಡುವೆ ಎರಡು. ಹತ್ತು, ಆರು, ಎರಡು. ದೊಡ್ಡ ವಿಭಾಗಕ್ಕೆ ದೊಡ್ಡ ಅಂತರ, ಚಿಕ್ಕದಕ್ಕೆ ಚಿಕ್ಕದು. ಈ ಮೂರು ಅಳತೆಗಳನ್ನು ಪುಟದ ಉದ್ದಕ್ಕೂ ಬದಲಿಸಬೇಡಿ.

ಈ ಅಂತರವನ್ನು ಎಂಟರ್ ಒತ್ತಿ ಮಾಡಬಾರದು. ಒಂದು ಖಾಲಿ ಸಾಲು ಎಂದರೆ ಇಡೀ ಹದಿಮೂರು ಪಾಯಿಂಟ್, ಅದನ್ನು ಹತ್ತಕ್ಕೆ ಇಳಿಸಲು ಬರುವುದಿಲ್ಲ. ವರ್ಡ್‌ನಲ್ಲಿ Paragraph ಸೆಟ್ಟಿಂಗ್ ತೆರೆದು Before ಮತ್ತು After ಎಂಬಲ್ಲಿ ಸಂಖ್ಯೆ ಕೊಡಿ. ಬುಲೆಟ್‌ಗಳಿಗೆ ಎರಡು ಪಾಯಿಂಟ್ ಕೊಟ್ಟರೂ ಪುಟ ಅಲುಗಾಡದಿದ್ದರೆ ಗಾಬರಿ ಬೇಡ. ಅದೇ ಕಿಟಕಿಯಲ್ಲಿ "Don't add space between paragraphs of the same style" ಎಂಬ ಚೌಕಕ್ಕೆ ಗುರುತು ಬಿದ್ದಿರುತ್ತದೆ. ಅದನ್ನು ತೆಗೆದರೆ ಅಂತರ ಮೂಡುತ್ತದೆ.

[ಪರದೆಯ ಮೇಲೆ: ಬಲಬದಿಯ ದಿನಾಂಕಗಳು ಅಂಕುಡೊಂಕಾಗಿರುವ ರೆಸ್ಯೂಮೆ, ಹತ್ತಿರದಿಂದ]

ಬಲಬದಿಯ ದಿನಾಂಕಗಳನ್ನು ನೋಡಿ. ಒಂದು ಸ್ವಲ್ಪ ಒಳಗೆ, ಇನ್ನೊಂದು ಸ್ವಲ್ಪ ಹೊರಗೆ. ಸ್ಪೇಸ್ ಬಾರ್ ಒತ್ತಿ ಒತ್ತಿ ದಿನಾಂಕವನ್ನು ಆ ಕಡೆ ತಳ್ಳಿದಾಗ ಹೀಗಾಗುತ್ತದೆ. ಈ ಫಾಂಟ್‌ಗಳಲ್ಲಿ ಪ್ರತಿ ಅಕ್ಷರದ ಅಗಲ ಬೇರೆ ಬೇರೆ, ಆದ್ದರಿಂದ ಎಷ್ಟು ಸ್ಪೇಸ್ ಹಾಕಿದರೂ ಎರಡು ಸಾಲುಗಳು ಒಂದೇ ಕಡೆ ನಿಲ್ಲುವುದಿಲ್ಲ. ಇದಕ್ಕೆ ಬೇಕಿರುವುದು ಬಲಬದಿಯ ಟ್ಯಾಬ್. ಹಾಳೆಯ ಅಗಲ 21 ಸೆಂಟಿಮೀಟರ್, ಎರಡೂ ಬದಿಯ ಮಾರ್ಜಿನ್ 3.6, ಉಳಿದದ್ದು 17.4. ಅದೇ Paragraph ಕಿಟಕಿಯ ಕೆಳಗಿರುವ Tabs ಗುಂಡಿಯನ್ನು ಒತ್ತಿ, 17.4 cm ಎಂದು ಬರೆದು Right ಆಯ್ದುಕೊಳ್ಳಿ. ಈಗ ಪ್ರಾಜೆಕ್ಟ್ ಹೆಸರಿನ ನಂತರ ಒಮ್ಮೆ ಟ್ಯಾಬ್ ಒತ್ತಿದರೆ ದಿನಾಂಕ ನೇರವಾಗಿ ಮಾರ್ಜಿನ್‌ಗೆ ಹೋಗಿ ನಿಲ್ಲುತ್ತದೆ.

[ಪರದೆಯ ಮೇಲೆ: ಎರಡನೇ ಪುಟಕ್ಕೆ ಏಳು ಸಾಲು ಚಾಚಿದ ಮಾದರಿ ರೆಸ್ಯೂಮೆ]

ಈಗ ನಿಜವಾದ ಕಷ್ಟಕ್ಕೆ ಬರೋಣ. ಈ ಮಾದರಿಯಲ್ಲಿ ಬರಹ ಎರಡನೇ ಪುಟಕ್ಕೆ ಏಳು ಸಾಲು ಇಳಿದಿದೆ. ಕೂಡಲೇ ಕೈ ಹೋಗುವುದು ಫಾಂಟ್ ಗಾತ್ರದ ಕಡೆಗೆ. ದಯವಿಟ್ಟು ಹತ್ತಕ್ಕಿಂತ ಕೆಳಗೆ ಇಳಿಸಬೇಡಿ. ಎಂಟು ಪಾಯಿಂಟ್‌ನ ಅಕ್ಷರ ಕಾಗದದ ಮೇಲೆ ಓದುವವರನ್ನು ದಣಿಸುತ್ತದೆ, ಓದುವವರಿಗೆ ಅಷ್ಟು ಹೊತ್ತು ನಿಲ್ಲುವ ವ್ಯವಧಾನವೂ ಇರುವುದಿಲ್ಲ.

ಮೊದಲು ಮಾರ್ಜಿನ್ ನೋಡೋಣ. ವರ್ಡ್ ತಾನಾಗಿ ಕೊಟ್ಟ 2.54 ಸೆಂಟಿಮೀಟರ್ ಹಾಗೆಯೇ ಇದೆ. ಅದನ್ನು 1.8ಕ್ಕೆ ಇಳಿಸಿದರೆ ಮೇಲೆ ಕೆಳಗೆ ಸೇರಿ ಮೂರು ಸಾಲಿನ ಜಾಗ ಸಿಗುತ್ತದೆ. ನಂತರ ಹೆಸರಿನ ಕೆಳಗಿರುವ ವೃತ್ತಿ ಗುರಿಯ ಪ್ಯಾರಾ. "ಸವಾಲಿನ ವಾತಾವರಣದಲ್ಲಿ ನನ್ನ ಕೌಶಲಗಳನ್ನು ಬೆಳೆಸಿಕೊಂಡು ಸಂಸ್ಥೆಯ ಏಳಿಗೆಗೆ ದುಡಿಯುವುದು" ಎಂದು ಎರಡು ಸಾಲು ಇದೆ. ಈ ವಾಕ್ಯ ಯಾರ ರೆಸ್ಯೂಮೆಯಲ್ಲಿದ್ದರೂ ಹೊಂದುತ್ತದೆ, ಆದ್ದರಿಂದ ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ತೆಗೆಯೋಣ. ಐದು ಸಾಲು ಉಳಿಯಿತು, ಇನ್ನೆರಡು ಬೇಕು.

[ಪರದೆಯ ಮೇಲೆ: ಬುಲೆಟ್‌ನ ಎರಡನೇ ಸಾಲಿನಲ್ಲಿ ಒಂಟಿಯಾಗಿ ಉಳಿದ ಎರಡು ಪದಗಳಿಗೆ ಕೆಂಪು ಗುರುತು]

ಕೆಂಪು ಗುರುತು ಹಾಕಿರುವ ಬಾಲಗಳನ್ನು ನೋಡಿ. ಬುಲೆಟ್ ಮೊದಲ ಸಾಲು ತುಂಬಿ, ಎರಡೇ ಪದಗಳಿಗಾಗಿ ಎರಡನೇ ಸಾಲನ್ನು ಹಿಡಿದುಕೊಂಡಿದೆ. ಇಲ್ಲಿರುವುದು ಗ್ರಂಥಾಲಯದಲ್ಲಿ ಆಸನ ಕಾಯ್ದಿರಿಸುವ ವೆಬ್‌ಸೈಟ್‌ನ ಪ್ರಾಜೆಕ್ಟ್. ಬುಲೆಟ್ ಹೀಗಿದೆ: "ವಿದ್ಯಾರ್ಥಿಗಳು ಸುಲಭವಾಗಿ ಆಸನಗಳನ್ನು ಕಾಯ್ದಿರಿಸಲು ಅನುಕೂಲವಾಗುವಂತೆ ಮತ್ತು ಎರಡು ಬಾರಿ ಬುಕಿಂಗ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಲಾಗಿದೆ." ಇದನ್ನು "ಡೇಟಾಬೇಸ್‌ನಲ್ಲಿ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿ, ಒಂದೇ ಆಸನ ಇಬ್ಬರಿಗೆ ಬುಕ್ ಆಗುವುದನ್ನು ತಡೆದೆ" ಎಂದು ಬದಲಿಸಿ. ಬಾಲ ಹೋಯಿತು, ಸಾಲು ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ನೀವು ಏನು ಮಾಡಿದಿರಿ ಎಂಬುದು ಈಗ ಗೊತ್ತಾಗುತ್ತದೆ. ಸಂದರ್ಶಕರು ಇದನ್ನು ಹಿಡಿದು ಪ್ರಶ್ನೆ ಕೇಳುತ್ತಾರೆ, ಉತ್ತರ ನಿಮ್ಮ ಬಳಿ ಇದೆ. ಇಂತಹ ಇನ್ನೊಂದು ಬಾಲವನ್ನು ಕತ್ತರಿಸಿದರೆ ಏಳು ಸಾಲೂ ಮೊದಲ ಪುಟಕ್ಕೆ ಬಂದವು.

ಇಷ್ಟಾದರೂ ಪುಟ ತುಂಬಿ ಹರಿಯುತ್ತಿದ್ದರೆ ಪ್ರತಿ ಪ್ರಾಜೆಕ್ಟ್‌ನಿಂದಲೂ ಚೂರು ಚೂರು ಕೆರೆಯಬೇಡಿ. ನಾಲ್ಕು ಪ್ರಾಜೆಕ್ಟ್‌ಗಳಿದ್ದರೆ ದುರ್ಬಲವಾದ ಒಂದನ್ನು ಪೂರ್ತಿ ಬಿಡಿ. ಹೇಳಬೇಕಾದುದನ್ನು ಹೇಳಿದ ಮೂರು, ಅವಸರದಲ್ಲಿ ಮುಗಿಸಿದ ನಾಲ್ಕಕ್ಕಿಂತ ಮೇಲು.

[ಪರದೆಯ ಮೇಲೆ: ಎರಡು ಕಾಲಂ ಇರುವ ಬಣ್ಣದ ಟೆಂಪ್ಲೇಟ್, ಪಕ್ಕದಲ್ಲಿ ನೋಟ್‌ಪ್ಯಾಡ್]

ಎಡಗಡೆ ಒಂದು ಬಣ್ಣದ ಪಟ್ಟಿ, ಅದರಲ್ಲಿ ಕೌಶಲಗಳು, ಬಲಗಡೆ ಉಳಿದದ್ದು. ಇಂತಹ ಟೆಂಪ್ಲೇಟ್‌ಗಳು ನೋಡಲು ಚಂದ, ಆದರೆ ಫ್ರೆಶರ್‌ಗಳಿಗೆ ನಾನು ಒಂದೇ ಕಾಲಂ ಅನ್ನು ಗಟ್ಟಿಯಾಗಿ ಸೂಚಿಸುತ್ತೇನೆ. ಅನೇಕ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಪಿಡಿಎಫ್‌ನಿಂದ ಪಠ್ಯವನ್ನು ಹೊರತೆಗೆಯುವ ಸಾಫ್ಟ್‌ವೇರ್. ಅದು ಕೆಲವೊಮ್ಮೆ ಎರಡೂ ಕಾಲಂಗಳನ್ನು ಅಡ್ಡಡ್ಡವಾಗಿ ಓದಿಬಿಡುತ್ತದೆ. ಆಗ "ಜಾವಾ" ಎಂಬ ಕೌಶಲದ ಪಕ್ಕದಲ್ಲೇ ಪದವಿಯ ವರ್ಷ ಬಂದು ಕೂರುತ್ತದೆ. ಕೌಶಲಗಳಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟುಕೊಂಡಿದ್ದರೆ ಅವು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ ಅಥವಾ ಮಾಯವಾಗುತ್ತವೆ. ಫೋನ್ ಮತ್ತು ಇಮೇಲ್ ಅನ್ನು ವರ್ಡ್‌ನ ಹೆಡರ್ ಒಳಗೆ ಬರೆದರೆ ಕೆಲವು ಸಾಫ್ಟ್‌ವೇರ್‌ಗಳು ಅದನ್ನು ಓದದೆಯೇ ಬಿಡುತ್ತವೆ. ಸಂಪರ್ಕದ ಸಾಲು ಪುಟದ ಒಳಗೇ, ಹೆಸರಿನ ಕೆಳಗೇ ಇರಲಿ.

ನಿಮ್ಮ ಫೈಲ್ ಹೇಗೆ ಓದಿಸಿಕೊಳ್ಳುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಪಿಡಿಎಫ್ ತೆರೆಯಿರಿ, Ctrl+A ಒತ್ತಿ ಎಲ್ಲವನ್ನೂ ಆಯ್ದುಕೊಳ್ಳಿ, Ctrl+C ಒತ್ತಿ ನಕಲು ಮಾಡಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಹೆಸರು, ಸಂಪರ್ಕ, ಶಿಕ್ಷಣ, ಕೌಶಲ ಎಂದು ನೀವು ಬರೆದ ಕ್ರಮದಲ್ಲೇ ಬಂದರೆ ಸರಿ. ಸಾಲುಗಳು ಹೆಣೆದುಕೊಂಡಿದ್ದರೆ ವಿನ್ಯಾಸದಲ್ಲಿ ಎಲ್ಲೋ ಟೇಬಲ್ ಅಥವಾ ಟೆಕ್ಸ್ಟ್ ಬಾಕ್ಸ್ ಅಡಗಿದೆ. ಏನೂ ಅಂಟದಿದ್ದರೆ ನಿಮ್ಮ ಪಿಡಿಎಫ್ ಬರಿಯ ಚಿತ್ರ. ಕೆಲವು ವಿನ್ಯಾಸದ ಆ್ಯಪ್‌ಗಳಿಂದ ಚಿತ್ರವಾಗಿ ಉಳಿಸಿದಾಗ ಹೀಗಾಗುತ್ತದೆ.

[ಪರದೆಯ ಮೇಲೆ: ಸಿದ್ಧವಾದ ಪುಟ, ಪೂರ್ಣ ಗಾತ್ರದಲ್ಲಿ]

ನೋಟ್‌ಪ್ಯಾಡ್ ಪರೀಕ್ಷೆ ಮುಗಿದ ಮೇಲೆ ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ, ಕೈ ಚಾಚಿದಷ್ಟು ದೂರದಲ್ಲಿ ಹಿಡಿದು ನೋಡಿ. ಅಕ್ಷರಗಳು ಓದಲು ಬಾರದಿದ್ದರೂ ಭಾಗಗಳು ಬೇರೆ ಬೇರೆಯಾಗಿ ಕಾಣಬೇಕು. ಒಂದಕ್ಕೊಂದು ಬೆರೆತಂತೆ ಕಂಡರೆ ಶೀರ್ಷಿಕೆಯ ಮೇಲಿನ ಹತ್ತನ್ನು ಹನ್ನೆರಡು ಮಾಡಿ; ನಾವು ಉಳಿಸಿಟ್ಟುಕೊಂಡ ಒಂದೆರಡು ಸಾಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫೈಲ್‌ಗೆ final2 ಎಂದೋ new ಎಂದೋ ಹೆಸರಿಡದೆ, ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರನ್ನು ಇಟ್ಟು ಪಿಡಿಎಫ್ ಆಗಿಯೇ ಕಳುಹಿಸಿ. ಅರ್ಜಿಯಲ್ಲಿ ವರ್ಡ್ ಫೈಲ್ ಬೇಕೆಂದು ಕೇಳಿದ್ದರೆ ಮಾತ್ರ ಅದನ್ನು ಕೊಡಿ.