ಹತ್ತರಲ್ಲಿ ಒಂದು ಗೋಲ್ಡ್

ಕೇಳುಗರಿಗೆ ನಮಸ್ಕಾರ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೆಲವು ಹುಡುಗ ಹುಡುಗಿಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಯಲ್ಲೇ ಕೂತು ಒಂದು ಕೆಲಸ ಮಾಡುತ್ತಾರೆ. ಕಂಪ್ಯೂಟರಿಗೆ ಮಾತು ಕಲಿಸುವುದಕ್ಕೆ ಬೇಕಾದ ಕೆಲಸ ಅದು. ಎಂಟು ಹತ್ತು ಸೆಕೆಂಡಿನ ಒಂದು ಧ್ವನಿ ತುಣುಕು ಬರುತ್ತದೆ. ಕೇಳಬೇಕು. ಇದು ಕನ್ನಡವೋ, ತುಳುವೋ, ಮಲಯಾಳವೋ, ಮಿಶ್ರವೋ ಎಂದು ಗುಂಡಿ ಒತ್ತಬೇಕು. ಒಂದೊಂದು ಕ್ಲಿಪ್ಪಿಗೆ ಇಷ್ಟು ಎಂದು ಪುಡಿಗಾಸು. ನಾಲ್ಕು ಭಾಷೆ ಕೇಳುತ್ತಲೇ ಬೆಳೆದ ಕಾಸರಗೋಡಿನವರಿಗೆ ಇದು ಸುಲಭ ಎಂದು ನಿಮಗೆ ಅನ್ನಿಸಬಹುದು. ಕೇಳುವುದು ಸುಲಭ, ನಿಜ. ಕೆಲಸ ಉಳಿಸಿಕೊಳ್ಳುವ ಲೆಕ್ಕವೇ ಬೇರೆ. ಇವತ್ತು ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಥ ಚಿಲ್ಲರೆ ಕೆಲಸಗಳನ್ನು ಇಂಟರ್‌ನೆಟ್ಟಿನಲ್ಲಿ ಹಂಚುವ ಪದ್ಧತಿ ಹೊಸತೇನಲ್ಲ. ಅಮೆಜಾನ್‌ನವರ ಮೆಕ್ಯಾನಿಕಲ್ ಟರ್ಕ್ ಶುರುವಾದದ್ದು 2005ರಲ್ಲಿ. ಕೆಲಸದ ರಾಶಿಗೆ ಕ್ಯೂ ಎನ್ನುತ್ತಾರೆ. ಕ್ಯೂ ಒಳಗೆ ಹೋಗಬೇಕಾದರೆ ಮೊದಲು ಒಂದು ಕ್ವಾಲಿಫಿಕೇಶನ್ ಟೆಸ್ಟ್. ಸೂಚನೆಗಳನ್ನು ಓದಿ, ಹತ್ತು ಪ್ರಶ್ನೆಗೆ ಉತ್ತರ ಕೊಡಬೇಕು. ಎಂಟು ಸರಿಯಾದರೆ ಪಾಸು ಎಂದಿಟ್ಟುಕೊಳ್ಳಿ.

ಪಾಸಾದ ಮೇಲೆ ಪರೀಕ್ಷೆ ಮುಗಿಯುವುದಿಲ್ಲ, ಅದು ಅಡಗಿಕೊಳ್ಳುತ್ತದೆ. ಒಂದು ಪುಟದಲ್ಲಿ ಹತ್ತು ಕ್ಲಿಪ್ ಬಂದರೆ ಅದರಲ್ಲಿ ಒಂದಕ್ಕೆ ಸರಿ ಉತ್ತರ ಏನೆಂದು ಕೆಲಸ ಕೊಟ್ಟವರಿಗೆ ಮೊದಲೇ ಗೊತ್ತು. ಅದೇ ಗೋಲ್ಡ್. ನೋಡುವುದಕ್ಕೆ ಉಳಿದ ಒಂಬತ್ತರ ಹಾಗೆಯೇ ಇರುತ್ತದೆ. ನೀವು ಅದಕ್ಕೆ ಕೊಟ್ಟ ಉತ್ತರದಿಂದ ನಿಮ್ಮ ಅಂಕ ಏರುತ್ತದೆ, ಇಳಿಯುತ್ತದೆ. ಅಡಿಕೆ ವ್ಯಾಪಾರಿ ಗೋಣಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಇಡೀ ಗೋಣಿಗೆ ರೇಟು ಹೇಳುತ್ತಾನಲ್ಲ, ಹಾಗೆ.

ಆ ಹಿಡಿ ಎಷ್ಟು ದೊಡ್ಡದು ಎನ್ನುವುದೇ ಇಲ್ಲಿ ಮುಖ್ಯ. ನೂರು ಕ್ಲಿಪ್ಪಿನಲ್ಲಿ ತೊಂಬತ್ತನ್ನು ಸರಿಯಾಗಿ ಗುರುತಿಸುವ ಹುಡುಗಿಯೊಬ್ಬಳು ಇದ್ದಾಳೆ ಎನ್ನೋಣ. ಒಳ್ಳೆಯ ಕೆಲಸಗಾರ್ತಿ. ಅಂಕ 80ಕ್ಕಿಂತ ಕೆಳಗೆ ಹೋದರೆ ಹೊರಗೆ, ಇದು ನಿಯಮ. ಐದು ಗೋಲ್ಡ್ ಆದ ಕೂಡಲೇ ತೀರ್ಮಾನ ಮಾಡಿದರೆ ಅವಳು ಐದರಲ್ಲಿ ನಾಲ್ಕು ಸರಿ ಮಾಡಿರಬೇಕು. ಎರಡು ತಪ್ಪಿದರೆ ಕೆಲಸ ಹೋಯಿತು. ಲೆಕ್ಕ ಹಾಕಿ ನೋಡಿದರೆ ಇಂಥ 100 ಜನರಲ್ಲಿ 8 ಮಂದಿ ಬರೀ ಅದೃಷ್ಟ ಕೆಟ್ಟು ಹೊರಗೆ ಹೋಗುತ್ತಾರೆ. ಅದೇ 50 ಗೋಲ್ಡ್ ಆಗುವವರೆಗೆ ಕಾದರೆ ಹಾಗೆ ಹೋಗುವವರು 100ಕ್ಕೆ ಒಬ್ಬರೂ ಇಲ್ಲ.

ಹಾಗಾದರೆ ಐದು ಗೋಲ್ಡಿನಿಂದ ಪ್ರಯೋಜನವೇ ಇಲ್ವಾ? ಇದೆ. ಕೇಳದೆ ಸುಮ್ನೆ ನಾಲ್ಕರಲ್ಲಿ ಒಂದು ಗುಂಡಿ ಒತ್ತುತ್ತಾ ಹೋಗುವವನು ಐದರಲ್ಲಿ ನಾಲ್ಕು ಸರಿ ಮಾಡುವುದು 100ಕ್ಕೆ ಎರಡು ಸಲವೂ ಇಲ್ಲ. ಕಳ್ಳಾಟದವನನ್ನು ಐದೇ ಪ್ರಶ್ನೆ ಹಿಡಿಯುತ್ತದೆ. ಆದರೆ ಒಳ್ಳೆಯವರನ್ನೂ ಸಾಧಾರಣದವರನ್ನೂ ಬೇರೆ ಮಾಡುವುದು ಅದರ ಕೈಯಲ್ಲಿ ಆಗುವುದಿಲ್ಲ. ಕೆಲಸ ಕೊಡುವವರು ಈ ಎರಡನ್ನೂ ಒಂದೇ ಎಂದು ತಿಳಿದುಕೊಳ್ಳುವುದೇ ಜಾಸ್ತಿ.

ಇನ್ನೊಂದು ಸಂಗತಿ. ಗೋಲ್ಡುಗಳಲ್ಲಿ ಬಹುಪಾಲಿಗೆ ಉತ್ತರ ಮಲಯಾಳ ಎಂದಿದ್ದರೆ ಏನಾಗುತ್ತದೆ? ಕಣ್ಣು ಮುಚ್ಚಿ ಪ್ರತಿ ಸಲ ಮಲಯಾಳ ಒತ್ತುವವನಿಗೂ ಒಳ್ಳೆಯ ಅಂಕ ಬರುತ್ತದೆ. ಅವನ ಕೈಗೆ ಬಂದ ತುಳು ಕ್ಲಿಪ್ಪುಗಳೆಲ್ಲ ಮಲಯಾಳವಾಗಿ ಹೋಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಕ್ಯೂನಲ್ಲಿ ತುಳು ಅಪರೂಪವಾದರೂ ಗೋಲ್ಡಿನಲ್ಲಿ ಅದು ಅಪರೂಪ ಆಗಬಾರದು.

ಈಗ ಕೆಲಸ ಮಾಡುವವರನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಇದ್ದ ಕ್ಯೂ ಮಧ್ಯಾಹ್ನ ಇಲ್ಲ. ನನ್ನನ್ನು ತೆಗೆದುಬಿಟ್ಟರು ಎಂದೇ ಎಲ್ಲರಿಗೂ ಮೊದಲು ಅನ್ನಿಸುವುದು. ಹಾಗೇ ಆಗಿರಬೇಕೆಂದಿಲ್ಲ. ಒಂದೊಂದು ಕ್ಲಿಪ್ಪನ್ನು ಮೂರೋ ಐದೋ ಜನ ಕೇಳಿದರೆ ಸಾಕು ಎಂದಿರುತ್ತದೆ. ಅಷ್ಟು ಉತ್ತರ ಬಂದ ಮೇಲೆ ಕ್ಲಿಪ್ ಕ್ಯೂನಿಂದ ಹೋಗುತ್ತದೆ. ಆಗ ಎಲ್ಲರಿಗೂ ಖಾಲಿ. ಆದರೆ ಪಕ್ಕದ ಮನೆಯವಳಿಗೆ ಕೆಲಸ ಬರುತ್ತಿದೆ, ನಿಮ್ಮ ಅಂಕವೂ ಚೆನ್ನಾಗಿದೆ, ನಿಮಗೆ ಮಾತ್ರ ಏನೂ ಬರುವುದಿಲ್ಲ ಎಂದಾದರೆ? ಬಹಳ ಸಲ ನಿಮ್ಮ ಪಾಲಿನ ಗೋಲ್ಡ್ ಮುಗಿದಿರುತ್ತದೆ. ಒಬ್ಬರಿಗೆ ಒಂದು ಗೋಲ್ಡನ್ನು ಎರಡನೇ ಸಲ ತೋರಿಸಿದರೆ ಅವರಿಗೆ ಗುರುತು ಸಿಗುತ್ತದೆ. ಆದ್ದರಿಂದ ಕೆಲವು ವ್ಯವಸ್ಥೆಗಳು ಮತ್ತೆ ತೋರಿಸುವುದೇ ಇಲ್ಲ. ಪುಟಕ್ಕೊಂದು ಗೋಲ್ಡ್ ಬೇಕೇ ಬೇಕು. 60 ಗೋಲ್ಡ್ ಮಾತ್ರ ತಯಾರಿಸಿದ್ದರೆ, ಟೆಸ್ಟಿನಲ್ಲಿ ಹತ್ತು ಖರ್ಚಾಗಿ, ಉಳಿದದ್ದು 50 ಪುಟಕ್ಕೆ. ಅಲ್ಲಿಗೆ ನಿಮ್ಮ ಕೆಲಸ ನಿಂತಿತು. ನಿಮ್ಮ ತಪ್ಪು ಏನೂ ಇಲ್ಲ. ವೇಗವಾಗಿ ಮಾಡುವವರಿಗೇ ಇದು ಮೊದಲು ತಟ್ಟುವುದು, ತಮಾಷೆ ನೋಡಿ.

ಕೊನೆಗೆ, ಗೋಲ್ಡೇ ತಪ್ಪಿದ್ದರೆ? ಒಂದು ಕ್ಲಿಪ್ ಹೇಳುತ್ತೇನೆ. ಕುಂಬಳೆ ಪೇಟೆಯ ಅಂಗಡಿ ಎಂದಿಟ್ಟುಕೊಳ್ಳಿ. ಹಿಂದೆ ಬಸ್ಸಿನ ಹಾರ್ನ್. ಗಿರಾಕಿ ಹೆಂಗಸು, "ಇದಕ್ಕೆ ಎಷ್ಟು ಅಣ್ಣ? ಮೊನ್ನೆ ನಲವತ್ತು ಇತ್ತಲ್ವಾ?" ಎಂದು ಕೇಳುತ್ತಾಳೆ. ಅಂಗಡಿಯವನು, "ಅಂಬತ್" ಎನ್ನುತ್ತಾನೆ. ಅಷ್ಟೇ, ಮಲಯಾಳದ ಐವತ್ತು. ಸೂಚನೆಯಲ್ಲಿ ಬರೆದಿರುವುದು ಹೀಗೆ: ಬೇರೆ ಭಾಷೆಯ ಒಂದೆರಡು ಪದ ಬಂದರೆ ಲೆಕ್ಕಕ್ಕಿಲ್ಲ, ಪೂರ್ತಿ ವಾಕ್ಯ ಬಂದರೆ ಮಾತ್ರ ಮಿಶ್ರ. ಗೋಲ್ಡ್ ಮಾಡಿದವರು ಪದ ಒಂದೇ ಎಂದು ಎಣಿಸಿ "ಕನ್ನಡ" ಎಂದು ಇಟ್ಟಿದ್ದಾರೆ. ನಮ್ಮ ಕಡೆಯವರು "ಮಿಶ್ರ" ಒತ್ತುತ್ತಾರೆ. ಅವನು ಆಡಿದ್ದೇ ಒಂದು ಪದ, ಆದರೆ ಅವನ ಮಟ್ಟಿಗೆ ಅದೇ ಪೂರ್ತಿ ಮಾತು. ಕನ್ನಡದವಳ ಬಾಯಲ್ಲಿ ಒಂದು ಮಲಯಾಳ ಪದ ನುಸುಳಿದ್ದಲ್ಲ ಅದು.

ಇದು ಗೋಲ್ಡಿನ ದೋಷವೋ, ಕೆಲಸದವರ ದೋಷವೋ ಎಂದು ಪತ್ತೆ ಮಾಡುವ ದಾರಿ ಇದೆ. ಈ ಕ್ಲಿಪ್ಪಿಗೆ ತಪ್ಪು ಉತ್ತರ ಕೊಟ್ಟವರು ಯಾರು ಎಂದು ನೋಡಬೇಕು. ಎಲ್ಲ ಗೋಲ್ಡಿನಲ್ಲೂ ಎಡವುವವರೇ ಇಲ್ಲೂ ಎಡವಿದ್ದರೆ ಗೋಲ್ಡ್ ಸರಿ ಇದೆ, ಕಷ್ಟದ್ದು ಅಷ್ಟೆ. ಉಳಿದ ಗೋಲ್ಡಿನಲ್ಲಿ ಚೆನ್ನಾಗಿ ಮಾಡಿದವರೇ ಇಲ್ಲಿ ಮುಕ್ಕಾಲು ಪಾಲು ತಪ್ಪಿದ್ದರೆ, ಅದೂ ಎಲ್ಲರೂ ಒಂದೇ ಉತ್ತರ ಕೊಟ್ಟು ತಪ್ಪಿದ್ದರೆ, ಅನುಮಾನ ಗೋಲ್ಡಿನ ಮೇಲೆ. ಅದನ್ನು ತೆಗೆದು ಹೋದ ಅಂಕ ವಾಪಸು ಕೊಡಬೇಕು. ತೆಗೆಯದೆ ಬಿಟ್ಟರೆ ಭಾಷೆ ಚೆನ್ನಾಗಿ ಗೊತ್ತಿರುವವರೇ ಮೊದಲು ಉದುರುತ್ತಾರೆ.

ಕೆಲವು ಕಡೆ ಗೋಲ್ಡ್ ತಪ್ಪಿದ ಕೂಡಲೇ ಸರಿ ಉತ್ತರವನ್ನೂ ಕಾರಣವನ್ನೂ ತೋರಿಸುತ್ತಾರೆ. ಕೆಳಗೆ ತಕರಾರು ಬರೆಯುವುದಕ್ಕೆ ಜಾಗ ಇರುತ್ತದೆ. ಅಲ್ಲಿ "ನಾನು ಕಾಸರಗೋಡಿನವಳು, ನನಗೆ ಗೊತ್ತು" ಎಂದು ಬರೆದರೆ ಯಾರೂ ಓದುವುದಿಲ್ಲ. "ಕ್ಲಿಪ್ಪಿನಲ್ಲಿ ಇಬ್ಬರು ಮಾತಾಡುತ್ತಾರೆ. ಎರಡನೆಯವರ ಉತ್ತರ ಪೂರ್ತಿ ಮಲಯಾಳದಲ್ಲಿದೆ. ಸೂಚನೆಯಲ್ಲಿ ಇಬ್ಬರು ಮಾತಾಡುವಾಗ ಏನು ಮಾಡಬೇಕೆಂದು ಹೇಳಿಲ್ಲ." ಹೀಗೆ ಬರೆಯಬೇಕು. ಇದೇ ಮಾತನ್ನು ನಾಲ್ಕೈದು ಜನ ಬೇರೆ ಬೇರೆಯಾಗಿ ಬರೆದರೆ ಗೋಲ್ಡ್ ಮಾತ್ರವಲ್ಲ, ಸೂಚನೆಯೇ ಬದಲಾಗುವುದುಂಟು.

ನಮಸ್ಕಾರ.